ಪಟ್ಟಿ ಮಾಡಿದರೆ 3.75, ಸೂತ್ರ ಹಾಕಿದರೆ 5. ಯಾವುದು ಸರಿ?

> "1, 3, 4, 7, 10 ರಿಂದ ಎರಡೆರಡರ ಸ್ಯಾಂಪಲ್ ಹತ್ತೂ ಬರೆದೆ. ಸರಾಸರಿಗಳ ವೇರಿಯನ್ಸ್ 3.75 ಬಂತು. σ²/n ಪ್ರಕಾರ 10/2 = 5 ಬರಬೇಕಲ್ವಾ?"

ನಿಮ್ಮ ಲೆಕ್ಕ ಸರಿಯಾಗಿದೆ. ಸೂತ್ರ ಮಾತ್ರ ಬೇರೆ ಸನ್ನಿವೇಶದ್ದು.

ನಿಮ್ಮ ಹತ್ತು ಸರಾಸರಿಗಳು 2, 2.5, 4, 5.5, 3.5, 5, 6.5, 5.5, 7, 8.5. ಒಟ್ಟು 50, ಅಂದರೆ ಅವುಗಳ ಸರಾಸರಿ 5. ಮೂಲದ ಐದು ಸಂಖ್ಯೆಗಳ ಸರಾಸರಿಯೂ ಅದೇ. 5.5 ಎರಡು ಸಲ ಬಂದಿದೆ, ಹಾಗಾಗಿ ಅದರ ಸಂಭವನೀಯತೆ 2/10. ಅದನ್ನು ಒಂದೇ ಸಲ ಎಣಿಸಿದರೆ ಎಲ್ಲವೂ ಕೆಡುತ್ತದೆ.

ಈಗ ವೇರಿಯನ್ಸ್. ನೀವು ತೆಗೆದ ಚೀಟಿಯನ್ನು ವಾಪಸ್ ಹಾಕದೆ ಎರಡನೆಯದನ್ನು ತೆಗೆದಿದ್ದೀರಿ. 10 ಒಮ್ಮೆ ಬಂದರೆ ಜೊತೆಗೆ ಇನ್ನೊಂದು 10 ಬರಲಾರದು. ಹಾಗಾಗಿ ಸರಾಸರಿ 8.5 ದಾಟುವುದೇ ಇಲ್ಲ, 2ಕ್ಕಿಂತ ಕೆಳಗೂ ಇಳಿಯುವುದಿಲ್ಲ. ಹರಡಿಕೆ ಕಡಿಮೆಯಾಗಲೇಬೇಕು. ಎಷ್ಟು ಕಡಿಮೆ ಅನ್ನುವುದನ್ನು (N−n)/(N−1) ಹೇಳುತ್ತದೆ. ಇಲ್ಲಿ ಒಟ್ಟು ಸಂಖ್ಯೆಗಳು N = 5, ಸ್ಯಾಂಪಲ್ ಗಾತ್ರ n = 2, ಹಾಗಾಗಿ ಅದು 3/4. 5 × 3/4 = 3.75.

ಆ 5 ಅನ್ನು ಕಣ್ಣಾರೆ ನೋಡಬೇಕಾದರೆ ಚೀಟಿ ವಾಪಸ್ ಹಾಕಿ 25 ಸ್ಯಾಂಪಲ್ ಬರೆಯಿರಿ. (1,3) ಮತ್ತು (3,1) ಬೇರೆ ಬೇರೆ, (1,1) ಕೂಡ ಸೇರುತ್ತದೆ. ಸರಾಸರಿ 5ರಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ ನಿಮ್ಮ ಹತ್ತಕ್ಕೆ 37.5 ಇತ್ತು; ಇಲ್ಲಿ ಅದರ ಎರಡರಷ್ಟು, ಅದಕ್ಕೆ (1,1) ತರಹದ ಐದು ಜೋಡಿಗಳ 50 ಸೇರಿ 125. ಅದನ್ನು 25ರಿಂದ ಭಾಗಿಸಿದರೆ 5.

ಜಾಸ್ತಿ ಜನ ಎಡವುವುದು ಇಲ್ಲೇ: ಕ್ರಮ ಬಿಟ್ಟು ಸುಮ್ನೆ 15 ಬರೆದು ಎಲ್ಲಕ್ಕೂ ಸಮ ತೂಕ ಕೊಡುತ್ತಾರೆ. ಆಗ 87.5/15, ಸುಮಾರು 5.83 ಬರುತ್ತದೆ. (1,3) ಬರಲು ಎರಡು ದಾರಿ, (1,1)ಕ್ಕೆ ಒಂದೇ. ನಿಮಗೂ 5.83 ಬಂದರೆ ತಪ್ಪು ಅಲ್ಲೇ ಇದೆ.