ಹೋಲಿಕೆ ಅಷ್ಟೇ, ಓಡಾಟ ಮಾತ್ರ ಕಡಿಮೆ

ಪ್ರಶ್ನೆ: ಕಲಬುರಗಿ ಗಂಜ್‌ನಲ್ಲಿರುವ ನಮ್ಮ ಕಾಕಾನ ಅಡತ್ ಅಂಗಡಿಗೆ ತೊಗರಿ ತೂಕದ ಚೀಟಿಗಳ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಬೈನರಿ ಸರ್ಚ್ ಟ್ರೀಯಲ್ಲೂ ಹುಡುಕಾಟ log n, ಬಿ-ಟ್ರೀಯಲ್ಲೂ log n. ಮತ್ತೆ ಡೇಟಾಬೇಸ್‌ನವರು ಬಿ-ಟ್ರೀಯನ್ನೇ ಯಾಕೆ ಹಿಡಿದುಕೊಂಡಿದ್ದಾರೆ?
ಬಿಸಿಎ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಟೆಸ್ಟ್ ಮಾಡಲು 1 ಕೋಟಿ ಚೀಟಿ ತುಂಬಿದ್ದೀರಿ ಅನ್ನೋಣ. ಒಂದು ನಂಬರ್ ಹುಡುಕಲು ಎರಡರಲ್ಲೂ ಸುಮಾರು 24 ಹೋಲಿಕೆ ಬೇಕು. ಆದರೆ ಹೋಲಿಕೆಗೆ ಖರ್ಚೇ ಇಲ್ಲ ಅನ್ನಬಹುದು. ಖರ್ಚಾಗುವುದು ಡಿಸ್ಕಿಗೆ ಹೋಗಿಬರುವ ಓಡಾಟಕ್ಕೆ.

ಅಂಗಡಿಯಲ್ಲಿ ಕೂತು ಊರಾಚೆಯ ಗೋದಾಮಿನಿಂದ ಚೀಟಿ ತರಿಸಿದ ಹಾಗೆ ಇದು. ಅಷ್ಟು ದೂರ ಹೋದ ಹುಡುಗ ಒಂದೇ ಚೀಟಿ ತರುತ್ತಾನಾ, ಇಡೀ ಕಟ್ಟನ್ನೇ ತರುತ್ತಾನಾ? ಡಿಸ್ಕಿನಿಂದ ಬರುವುದೂ ಕಟ್ಟೇ. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಪೇಜ್ ಅನ್ನುತ್ತಾರೆ, ಅಳತೆ 8 ಕೆಬಿ.

ಬೈನರಿ ಟ್ರೀಯ ಒಂದು ನೋಡ್ ಅಂದರೆ ಹೆಚ್ಚೆಂದರೆ 30-40 ಬೈಟ್. ನೋಡ್‌ಗಳು ಎಲ್ಲೆಲ್ಲೋ ಚದುರಿದ್ದರೆ ಒಂದೊಂದಕ್ಕೂ 8 ಕೆಬಿ ಎಳೆದು ತಂದು, ಅಷ್ಟೇ ನೋಡಿ, ಉಳಿದದ್ದನ್ನು ಸುಮ್ನೆ ಬಿಸಾಡಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಓಡಾಟಕ್ಕೆ ಸುಮಾರು 10 ಮಿಲಿಸೆಕೆಂಡ್. 24 ಓಡಾಟಕ್ಕೆ 240. ಅದೂ ಟ್ರೀ ಸಮತೋಲದಲ್ಲಿ ಇದ್ದರೆ ಮಾತ್ರ. ಚೀಟಿ ನಂಬರ್ ಏರುತ್ತಲೇ ಹೋಗುತ್ತದೆ ಅಲ್ವಾ? ಸಾದಾ ಟ್ರೀ ಆಗ ಬಲಕ್ಕೇ ಬೆಳೆದು ಉದ್ದನೆ ಸರಪಳಿಯಾಗುತ್ತದೆ.

ಬಿ-ಟ್ರೀಯಲ್ಲಿ ಒಂದು ಪೇಜೇ ಒಂದು ನೋಡ್. 8 ಬೈಟ್‌ನ ನಂಬರ್ ಆದರೆ ಕೆಳಗಿನ ಎಲೆ ಪೇಜಿನಲ್ಲಿ ಸುಮಾರು 366 ಹಿಡಿಯುತ್ತವೆ. 1 ಕೋಟಿಗೆ 27 ಸಾವಿರ ಚಿಲ್ಲರೆ ಎಲೆ ಪೇಜ್, ಅವುಗಳ ದಾರಿ ತೋರಲು ನೂರರ ಆಸುಪಾಸು ಪೇಜ್, ಎಲ್ಲಕ್ಕೂ ಮೇಲೆ ಒಂದು ಬೇರು. ಒಟ್ಟು ಮೂರೇ ಮಟ್ಟ. ಮೇಲಿನ ಎರಡು ಮಟ್ಟ ಸೇರಿ 1 ಎಂಬಿ ಸುತ್ತಮುತ್ತ, ಹಾಗಾಗಿ ಮೆಮೊರಿಯಲ್ಲೇ ಉಳಿದಿರುತ್ತವೆ. ಹೆಚ್ಚಿನ ಸಲ ಇಂಡೆಕ್ಸಿಗಾಗಿ ಡಿಸ್ಕಿಗೆ ಹೋಗುವುದು ಒಂದೇ ಬಾರಿ.

ಪೇಜಿನ ಒಳಗೆ ಹುಡುಕುವುದು ಹೇಗೆ ಗೊತ್ತಾ? ಬೈನರಿ ಸರ್ಚ್‌ನಿಂದಲೇ! ಬೈನರಿ ಟ್ರೀಯ ತಾಯಿ-ಮಕ್ಕಳ ನೋಡ್‌ಗಳನ್ನು ಒಂದೇ ಪೇಜಿನಲ್ಲಿ ಜೋಡಿಸುತ್ತೇನೆ ಅಂತ ನೀವು ಹೊರಟರೂ ಕೊನೆಗೆ ಮುಟ್ಟುವುದು ಬಿ-ಟ್ರೀಯ ಹತ್ತಿರಕ್ಕೇ.

ಎಸ್‌ಎಸ್‌ಡಿಯಲ್ಲಿ ಒಂದು ಓಡಾಟ ನೂರು ಪಟ್ಟು ಅಗ್ಗವಾಗಬಹುದು, ಆದರೆ ಅಲ್ಲೂ ಓದುವುದು ಪೇಜ್ ಲೆಕ್ಕದಲ್ಲೇ. ಒಂದು ಎಚ್ಚರ: ನಂಬರ್ ಬಿಟ್ಟು ರೈತರ ಹೆಸರು, ವಿಳಾಸ ಸೇರಿಸಿದ ಉದ್ದನೆ ಕೀ ಇಟ್ಟರೆ ಪೇಜಿಗೆ ಹಿಡಿಯುವುದು ಕಡಿಮೆ. ಇಂಡೆಕ್ಸ್ ಉಬ್ಬುತ್ತದೆ, ಮಟ್ಟವೂ ಜಾಸ್ತಿಯಾಗಬಹುದು.

`chiti_no` ಮೇಲೆ ಇಂಡೆಕ್ಸ್ ಇಟ್ಟು, ಪೋಸ್ಟ್‌ಗ್ರೆಸ್‌ನಲ್ಲಿ ನಿಮ್ಮ ಕಂಪ್ಯೂಟರಿನಲ್ಲೇ ನೋಡಿ:

```
EXPLAIN (ANALYZE, BUFFERS)
SELECT * FROM chiti WHERE chiti_no = 7340512;
```

`Buffers` ಸಾಲಿನಲ್ಲಿ `hit` ಮತ್ತು `read` ಕೂಡಿಸಿದರೆ ಸುಮಾರು 4 ಬರುತ್ತದೆ: ಇಂಡೆಕ್ಸಿನ 3 ಪೇಜ್, ಚೀಟಿ ಇರುವ ಟೇಬಲ್ಲಿನ 1. ಅದನ್ನೇ ಮತ್ತೊಮ್ಮೆ ಓಡಿಸಿದರೆ `read` ಮಾಯವಾಗಿ ಎಲ್ಲವೂ `hit` ಆಗಿರುತ್ತದೆ.