ತಂಡದ ಪರವಾಗಿ ಸಾಂತ್ವನ ಹೇಳುವುದು

ಪ್ರಶ್ನೆ: ಸಹೋದ್ಯೋಗಿಯ ತಂದೆ ತೀರಿಕೊಂಡಿದ್ದಾರೆ. ಟೀಮಿನ ಪರವಾಗಿ ಏನು ಬರೆದರೆ ಆತ್ಮೀಯವಾಗಿಯೂ ಇರುತ್ತದೆ, ಅತಿ ಅಂತಲೂ ಅನಿಸುವುದಿಲ್ಲ?

ಉತ್ತರ: ನಾಲ್ಕು ಸಣ್ಣ ವಾಕ್ಯ ಸಾಕು. ಆಗಿದ್ದನ್ನು ನೇರವಾಗಿ ಹೇಳಿ, ಅವರ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ತಿಳಿಸಿ, ಉತ್ತರ ಬೇಡ ಅನ್ನಿ.

"ಏನು ಬೇಕಾದರೂ ಕೇಳಿ" ಅಂತ ನಾವೆಲ್ಲ ಪ್ರೀತಿಯಿಂದಲೇ ಬರೆಯುತ್ತೇವೆ. ಆದರೆ ಏನು ಕೇಳಬೇಕು, ಯಾರನ್ನು ಕೇಳಬೇಕು ಅಂತ ಯೋಚಿಸುವುದೇ ದುಃಖದಲ್ಲಿರುವವರಿಗೆ ಇನ್ನೊಂದು ಭಾರ. ಸಹೋದ್ಯೋಗಿಗಳಾಗಿ ನಾವು ನಿಜವಾಗಿ ಇಳಿಸಬಹುದಾದ ಭಾರ ಆಫೀಸಿನದು. ಹಾಗಾಗಿ ಅದನ್ನೇ ಹೆಸರಿಸಿ:

"ನಿಮ್ಮ ತಂದೆ ತೀರಿಕೊಂಡ ವಿಷಯ ತಿಳಿದು ನಮಗೆಲ್ಲ ತುಂಬಾ ದುಃಖವಾಯಿತು. ಈ ತಿಂಗಳ ವರದಿಯನ್ನು ನಾನು ಮುಗಿಸುತ್ತೇನೆ, ಗ್ರಾಹಕರ ಕರೆಗಳನ್ನು ಉಳಿದವರು ಹಂಚಿಕೊಂಡಿದ್ದಾರೆ. ನೀವು ಮನೆಯವರ ಜೊತೆ ಇರಿ. ಇದಕ್ಕೆ ಉತ್ತರಿಸಬೇಕಿಲ್ಲ."

"ವಯಸ್ಸಾಗಿತ್ತು ಅಲ್ವಾ" ಅಂತ ಸಮಾಧಾನ ಹೇಳಬೇಡಿ, ಅದು ನಷ್ಟವನ್ನು ಚಿಕ್ಕದು ಮಾಡಿದಂತೆ ಕೇಳಿಸುತ್ತದೆ. ಸಾವಿಗೆ ಕಾರಣ, ಮರಳಿ ಬರುವ ದಿನ ಎರಡನ್ನೂ ಕೇಳಬೇಡಿ. ಟೀಮಿನ ಪರವಾಗಿ ಒಬ್ಬರು ಮಾತ್ರ ಅವರಿಗೆ ನೇರವಾಗಿ ಕಳಿಸಿ. ಗ್ರೂಪಿನಲ್ಲಿ ಹಾಕಿದರೆ ಒಂದೇ ಮಾತು ಇಪ್ಪತ್ತು ಸಲ ಬಂದು, ಎಲ್ಲರಿಗೂ ಧನ್ಯವಾದ ಹೇಳಬೇಕಲ್ಲಾ ಅನಿಸುತ್ತದೆ.