ಪೇಪರ್‌ನ ಎಸ್‌ಡಿ ನನ್ನ ಲೆಕ್ಕಕ್ಕೆ ಹೊಂದುತ್ತಿಲ್ಲ, ಯಾಕೆ?

ಪ್ರಶ್ನೆ: ಗಂಗಾವತಿ ಕಡೆಯ ಆರು ಗದ್ದೆಗಳ ಭತ್ತದ ಇಳುವರಿ, ಎಕರೆಗೆ ಕ್ವಿಂಟಲ್‌ನಲ್ಲಿ: 24, 26, 27, 28, 30, 33. ಟೇಬಲ್‌ನಲ್ಲಿ ಸರಾಸರಿ 28, ಮಧ್ಯಾಂಕ 27.5, ಎಸ್‌ಡಿ 2.89. ನನಗೆ ಎಸ್‌ಡಿ 3.16 ಬರುತ್ತಿದೆ. ತಪ್ಪು ಯಾರದು?

ಉತ್ತರ: ನಿಮ್ಮ ಲೆಕ್ಕ ಸರಿ ಇದೆ, ಅವರು ಭಾಗಿಸಿದ ಸಂಖ್ಯೆ ಬೇರೆ, ಅಷ್ಟೇ. 28ರಿಂದ ಪ್ರತಿ ಗದ್ದೆ ಎಷ್ಟು ದೂರ ಅಂತ ನೋಡಿ, ವರ್ಗ ಮಾಡಿ ಕೂಡಿಸಿದರೆ 50 ಬರುತ್ತದೆ. ಅದನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 3.16, 6ರಿಂದ ಭಾಗಿಸಿದರೆ 2.89. ಎಕ್ಸೆಲ್‌ನಲ್ಲಿ ಎರಡನ್ನೂ ಹಾಕಿ ನೋಡಿ:

```
=STDEV.S(B2:B7)
=STDEV.P(B2:B7)
```

ಊರಿನ ನೂರಾರು ಗದ್ದೆಗಳಲ್ಲಿ ಆರನ್ನು ಆರಿಸಿ ಎಲ್ಲದರ ಬಗ್ಗೆ ಮಾತಾಡುವುದಾದರೆ ಮೊದಲನೆಯದೇ ಸರಿ. ಗದ್ದೆ 60 ಇದ್ದಿದ್ದರೆ ಈ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ, ಕಣ್ಣಿಗೂ ಬೀಳುತ್ತಿರಲಿಲ್ಲ.

ಅಲ್ಲಿ 1.29 ಅಂತ ಇದ್ದಿದ್ದರೆ? ಅದು ಎಸ್‌ಡಿ ಅಲ್ಲ, ಸ್ಟ್ಯಾಂಡರ್ಡ್ ಎರರ್. 3.16ನ್ನು 6ರ ವರ್ಗಮೂಲದಿಂದ ಭಾಗಿಸಿದರೆ ಅದೇ ಬರುತ್ತದೆ. ± ಗುರುತಿನ ಹಿಂದೆ ಇದು ಜಾಸ್ತಿ ಅಡಗಿರುತ್ತದೆ, ಟೇಬಲ್ ಕೆಳಗಿನ ಸಣ್ಣ ಅಕ್ಷರ ಓದಿ.

ಸರಾಸರಿ ಮಾತ್ರ ತುಂಬಾ ಕಡಿಮೆ ಇದ್ದು ಮಧ್ಯಾಂಕ ಹೆಚ್ಚುಕಮ್ಮಿ ಹೊಂದಿದರೆ ಖಾಲಿ ಸೆಲ್ ಮೇಲೆ ಅನುಮಾನ ಪಡಿ. ಅಳತೆ ಸಿಗದ ಏಳನೇ ಗದ್ದೆಗೆ ಯಾರೋ ಸುಮ್ನೆ 0 ತುಂಬಿದ್ದರೆ ಸರಾಸರಿ 24ಕ್ಕೆ ಕುಸಿಯುತ್ತದೆ, ಮಧ್ಯಾಂಕ 27ರಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲು ಸಾಲುಗಳನ್ನು ಎಣಿಸಿ, ಟೇಬಲ್‌ನ n ಜೊತೆ ತಾಳೆ ನೋಡಿ.